ಬಟ್ಟೆ ಅಗ್ಗ, ಶರ್ಟು ತುಟ್ಟಿ

ತಿಂಗಳ ಮೊದಲ ವಾರ ಕಳೆಯುತ್ತಿದ್ದಂತೆ ಕಾರ್ಖಾನೆಗಳ ಅಕೌಂಟ್ಸ್ ವಿಭಾಗದಿಂದ ಉಳಿದ ವಿಭಾಗಗಳ ಮುಖ್ಯಸ್ಥರಿಗೆ ಒಂದೊಂದು ಹಾಳೆ ಹೋಗುತ್ತದೆ. ಅದರಲ್ಲಿ ನಾಲ್ಕು ಕಾಲಂ ಇರುತ್ತವೆ: ಖರ್ಚಿನ ಬಾಬ್ತು, ಬಜೆಟ್ಟಿನಲ್ಲಿ ಇಟ್ಟದ್ದು, ನಿಜವಾಗಿ ಆದದ್ದು, ಎರಡರ ನಡುವಿನ ವ್ಯತ್ಯಾಸ. ಕೊನೆಯ ಕಾಲಮ್ಮಿನ ಪಕ್ಕದಲ್ಲಿ ‘ಅನುಕೂಲ’ ಅಥವಾ ‘ಪ್ರತಿಕೂಲ’ ಎಂಬ ಒಂದು ಮಾತು. ಎಷ್ಟೋ ಕಡೆ ಮಾತೂ ಇರುವುದಿಲ್ಲ. ಬ್ರಾಕೆಟ್ಟಿನೊಳಗೆ ಒಂದು ಸಂಖ್ಯೆ ಕೆಂಪು ಬಣ್ಣದಲ್ಲಿರುತ್ತದೆ, ಅಷ್ಟೆ. ಹಾಳೆ ಕೈಗೆ ಬಂದ ಮುಖ್ಯಸ್ಥರು ಕೆಂಪು ಎಲ್ಲಿದೆ ಎಂದು ಮೊದಲು ಹುಡುಕುತ್ತಾರೆ, ಆಮೇಲೆ ಅದಕ್ಕೊಂದು ಕಾರಣ ಹುಡುಕುತ್ತಾರೆ. ಕಪ್ಪಿನಲ್ಲಿರುವ ಸಂಖ್ಯೆಗಳ ಗೋಜಿಗೆ ಯಾರೂ ಹೋಗುವುದಿಲ್ಲ. ತೊಂದರೆ ಶುರುವಾಗುವುದೇ ಇಲ್ಲಿ.

ನಿಯಮ ಸರಳವಾಗಿದೆ. ಬಜೆಟ್ಟಿನಲ್ಲಿ ಅಂದುಕೊಂಡದ್ದಕ್ಕಿಂತ ಲಾಭವನ್ನು ಹೆಚ್ಚಿಸುವ ವ್ಯತ್ಯಾಸ ಅನುಕೂಲ, ಲಾಭವನ್ನು ಕಡಿಮೆ ಮಾಡುವ ವ್ಯತ್ಯಾಸ ಪ್ರತಿಕೂಲ. ಖರ್ಚು ಕಡಿಮೆಯಾದರೆ ಅನುಕೂಲ. ಮಾರಾಟ ಕಡಿಮೆಯಾದರೆ ಪ್ರತಿಕೂಲ. ಆ ಒಂದು ಸಾಲಿನ ಮಟ್ಟಿಗೆ ಲೆಕ್ಕ ಯಾವ ಕಡೆ ವಾಲಿದೆ ಎಂಬುದನ್ನಷ್ಟೇ ಈ ಮಾತುಗಳು ಹೇಳುತ್ತವೆ. ಕೆಲಸ ಚೆನ್ನಾಗಿ ಆಯಿತೋ ಇಲ್ಲವೋ, ತಪ್ಪು ಯಾರದು ಎಂಬುದು ಅವುಗಳಲ್ಲಿ ಇಲ್ಲ. ಆದರೆ ರಿವ್ಯೂ ಮೀಟಿಂಗಿನಲ್ಲಿ ಕುಳಿತವರು ಅವನ್ನು ಓದುವುದು ಪರೀಕ್ಷೆಯ ಪಾಸು-ಫೇಲಿನ ಹಾಗೆ.

ಒಂದು ಪ್ರಕರಣವನ್ನು ಕೊನೆಯವರೆಗೂ ಬಿಡಿಸಿ ನೋಡೋಣ. ಫಾರ್ಮಲ್ ಶರ್ಟು ಹೊಲಿಯುವ ಒಂದು ಗಾರ್ಮೆಂಟ್ ಕಾರ್ಖಾನೆ. ಬೆಂಗಳೂರಿನ ಪೀಣ್ಯದಲ್ಲೋ ಬೊಮ್ಮನಹಳ್ಳಿಯಲ್ಲೋ ಇದೆ ಎಂದುಕೊಳ್ಳಿ. ಕಾರ್ಖಾನೆ ಕಲ್ಪಿತ, ಅಂಕಿಗಳನ್ನು ಲೆಕ್ಕ ಸಲೀಸಾಗಲೆಂದು ನಾನೇ ಜೋಡಿಸಿದ್ದೇನೆ. ಅಲ್ಲಿನ ಕಟಿಂಗ್ ವಿಭಾಗದ ಮುಖ್ಯಸ್ಥರನ್ನು ಎಲ್ಲರೂ ‘ಮಾಸ್ಟರ್’ ಎಂದೇ ಕರೆಯುತ್ತಾರೆ. ಬಟ್ಟೆಯ ರೋಲುಗಳನ್ನು ಬಿಚ್ಚಿ, ಉದ್ದನೆಯ ಮೇಜಿನ ಮೇಲೆ ಪದರ ಪದರವಾಗಿ ಹಾಸಿ, ಮೇಲೆ ಮಾರ್ಕರ್ ಹಾಳೆ ಇಟ್ಟು, ಬಾಡಿ, ತೋಳು, ಕಾಲರ್, ಕಫ್, ಯೋಕ್ ಎಂದು ತುಂಡುಗಳನ್ನು ಕತ್ತರಿಸಿ ಹೊಲಿಗೆಯ ಲೈನಿಗೆ ಕಳಿಸುವುದು ಅವರ ಕೆಲಸ. ಒಂದು ಶರ್ಟಿಗೆ ಎಷ್ಟು ಮೀಟರ್ ಬಟ್ಟೆ ಬೇಕು ಎಂಬ ಲೆಕ್ಕಕ್ಕೆ ಈ ಉದ್ಯಮದಲ್ಲಿ ‘ಆವರೇಜ್’ ಎನ್ನುತ್ತಾರೆ. ಇಡೀ ಕಾರ್ಖಾನೆಯ ಲಾಭ-ನಷ್ಟದ ದೊಡ್ಡ ಪಾಲು ಈ ಒಂದು ಸಂಖ್ಯೆಯ ಮೇಲೆ ನಿಂತಿರುತ್ತದೆ, ಏಕೆಂದರೆ ಶರ್ಟಿನ ಖರ್ಚಿನಲ್ಲಿ ಬಟ್ಟೆಯದೇ ಸಿಂಹಪಾಲು.

ಜೂನ್ ತಿಂಗಳ ಬಜೆಟ್ ಹೀಗಿತ್ತು: 20,000 ಶರ್ಟು, ಶರ್ಟಿಗೆ 1.60 ಮೀಟರ್, ಮೀಟರಿಗೆ 150 ರೂಪಾಯಿ. ಒಟ್ಟು 48 ಲಕ್ಷ ರೂಪಾಯಿ. ನಿಜವಾಗಿ ಬಟ್ಟೆಗೆ ಆದ ಖರ್ಚು 53,22,240 ರೂಪಾಯಿ. ಹಾಳೆಯಲ್ಲಿ ಮಾಸ್ಟರ್ ಹೆಸರಿನ ಎದುರು ಬಿದ್ದದ್ದು: 5,22,240 ರೂಪಾಯಿ, ಪ್ರತಿಕೂಲ.

ಮಾಸ್ಟರ್‌ಗೆ ಸಿಟ್ಟು ಬಂದದ್ದು ಸಹಜ. “ಮೇಡಂ, ಜೂನ್‌ನಲ್ಲಿ ಎರಡು ಸಾವಿರ ಶರ್ಟು ಜಾಸ್ತಿ ಕಟ್ ಮಾಡಿಕೊಟ್ಟಿದ್ದೀವಿ. ಭಾನುವಾರಾನೂ ಬಂದಿದ್ದೀವಿ. ಅದಕ್ಕೆ ಇದಾ ಬಹುಮಾನ?” ಎಂದು ಅವರು ಕಾಸ್ಟಿಂಗ್ ಅಧಿಕಾರಿಯನ್ನು ಕೇಳಿದರು.

ಅವರ ಮಾತಿನಲ್ಲಿ ನ್ಯಾಯವಿದೆ. ಐನೂರು ಎಲೆಯ ಊಟಕ್ಕೆ ಅಂದಾಜು ಮಾಡಿ, ಆರುನೂರು ಜನ ಉಂಡೆದ್ದ ಮೇಲೆ ಅಕ್ಕಿ ಯಾಕೆ ಜಾಸ್ತಿ ಆಯಿತು ಎಂದು ಅಡುಗೆಭಟ್ಟರನ್ನು ತರಾಟೆಗೆ ತೆಗೆದುಕೊಂಡ ಹಾಗಾಯಿತು ಇದು. ಕೇಳಬೇಕಾದದ್ದು ಆರುನೂರು ಜನಕ್ಕೆ ಎಷ್ಟು ಅಕ್ಕಿ ಹಿಡಿಯಬೇಕಿತ್ತು, ಎಷ್ಟು ಹಿಡಿಯಿತು ಎಂದು. ಆದ್ದರಿಂದ ಮುಖ್ಯಸ್ಥರ ಜೊತೆ ಮಾತಿಗೆ ಕೂರುವ ಮೊದಲೇ ಅಕೌಂಟ್ಸ್‌ನವರು ಮಾಡಬೇಕಾದ ಮೊದಲ ಕೆಲಸವೆಂದರೆ ಬಜೆಟ್ಟನ್ನು ನಿಜವಾದ ಉತ್ಪಾದನೆಗೆ ಹಿಗ್ಗಿಸಿ ಮತ್ತೆ ಬರೆಯುವುದು. ಇದಕ್ಕೆ ‘ಫ್ಲೆಕ್ಸ್ ಮಾಡುವುದು’ ಎನ್ನುತ್ತಾರೆ. ಜೂನ್‌ನಲ್ಲಿ ಆದದ್ದು 22,000 ಶರ್ಟು. ಅಷ್ಟಕ್ಕೆ 1.60ರಂತೆ 35,200 ಮೀಟರ್, 150 ರೂಪಾಯಿಯಂತೆ 52,80,000 ರೂಪಾಯಿ. ನಿಜವಾದ ಖರ್ಚಿನ ಜೊತೆ ಹೋಲಿಸಬೇಕಾದದ್ದು ಈ ಮೊತ್ತವನ್ನು. ಆಗ ವ್ಯತ್ಯಾಸ ಐದು ಲಕ್ಷದಿಂದ 42,240 ರೂಪಾಯಿಗೆ ಇಳಿಯುತ್ತದೆ. ಉಳಿದ 4,80,000 ಹೆಚ್ಚು ಶರ್ಟು ಮಾಡಿದ್ದಕ್ಕೆ ಬಿದ್ದ ಖರ್ಚು. ಆ ಶರ್ಟುಗಳ ಮಾರಾಟದ ಹಣ ಇನ್ನೊಂದು ಹಾಳೆಯಲ್ಲಿ ಅನುಕೂಲವಾಗಿ ಕುಳಿತಿರುತ್ತದೆ.

ಎಲ್ಲ ಖರ್ಚನ್ನೂ ಹೀಗೆ ಹಿಗ್ಗಿಸಲು ಬಾರದು ಎಂಬುದನ್ನು ನೆನಪಿಡಬೇಕು. ಶರ್ಟು ಹತ್ತು ಪರ್ಸೆಂಟ್ ಜಾಸ್ತಿಯಾಯಿತೆಂದು ಕಟ್ಟಡದ ಬಾಡಿಗೆ ಹತ್ತು ಪರ್ಸೆಂಟ್ ಏರುವುದಿಲ್ಲ. ಬಟ್ಟೆ, ದಾರ, ಗುಂಡಿಯಂಥವನ್ನು ಮಾತ್ರ ಶರ್ಟಿನ ಲೆಕ್ಕಕ್ಕೆ ಹಿಗ್ಗಿಸಬೇಕು. ಬಾಡಿಗೆ, ಸೂಪರ್‌ವೈಸರ್ ಸಂಬಳದಂಥವನ್ನು ಇದ್ದ ಹಾಗೇ ಬಿಡಬೇಕು. ಕರೆಂಟಿನಂಥ ಬಾಬ್ತು ಸ್ವಲ್ಪ ಹಿಗ್ಗುತ್ತದೆ, ಸ್ವಲ್ಪ ಹಿಗ್ಗುವುದಿಲ್ಲ. ಅಲ್ಲಿ ಒಂದಿಷ್ಟು ಅಂದಾಜು ಮಾಡಲೇಬೇಕು.

ಹಿಗ್ಗಿಸಿದ ಬಜೆಟ್ಟಿಗೆ ಹೋಲಿಸಿದರೆ 42,240 ರೂಪಾಯಿ ಎಂದರೆ ಒಂದು ಪರ್ಸೆಂಟಿಗಿಂತ ಕಡಿಮೆ. ಅನೇಕ ಕಂಪನಿಗಳಲ್ಲಿ ಐದು ಪರ್ಸೆಂಟಿನೊಳಗಿನ ವ್ಯತ್ಯಾಸಕ್ಕೆ ವಿವರಣೆ ಬೇಡ ಎಂಬಂಥ ನಿಯಮ ಇರುತ್ತದೆ. ಆ ನಿಯಮದಂತೆ ನಡೆದಿದ್ದರೆ ಮಾಸ್ಟರ್ ನಿಟ್ಟುಸಿರುಬಿಟ್ಟು ಎದ್ದು ಹೋಗುತ್ತಿದ್ದರು, ಕಡತ ಮುಚ್ಚುತ್ತಿತ್ತು. ಜೂನ್‌ನಲ್ಲಿ ನಿಜವಾಗಿ ಏನಾಯಿತು ಎಂಬುದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಈ ಕಾಸ್ಟಿಂಗ್ ಅಧಿಕಾರಿ ಅಲ್ಲಿಗೆ ಬಿಡಲಿಲ್ಲ. ಒಂದು ಖರ್ಚು ಎರಡು ಕಾರಣಕ್ಕೆ ಬದಲಾಗಬಹುದು: ಕೊಟ್ಟ ಬೆಲೆ, ಬಳಸಿದ ಪ್ರಮಾಣ. ಎರಡನ್ನೂ ಬೇರೆ ಮಾಡದೆ ಒಟ್ಟು ಸಂಖ್ಯೆಯನ್ನಷ್ಟೇ ನೋಡಿದರೆ ಒಂದು ಇನ್ನೊಂದನ್ನು ಮುಚ್ಚಿಹಾಕುತ್ತದೆ.

ಬೇರೆ ಮಾಡುವ ಲೆಕ್ಕ ಇಷ್ಟೆ. ಜೂನ್‌ನಲ್ಲಿ ನಿಜವಾಗಿ ಬಳಸಿದ್ದು 36,960 ಮೀಟರ್, ಕೊಟ್ಟ ಬೆಲೆ ಮೀಟರಿಗೆ 144 ರೂಪಾಯಿ. ಬೆಲೆಯಲ್ಲಿ ಮೀಟರಿಗೆ ಆರು ರೂಪಾಯಿ ಉಳಿದಿದೆ. 36,960 ಮೀಟರಿಗೆ 2,21,760 ರೂಪಾಯಿ ಅನುಕೂಲ. ಬಳಕೆಯಲ್ಲಿ, 35,200 ಸಾಕಾಗಬೇಕಿದ್ದ ಕಡೆ 1,760 ಮೀಟರ್ ಹೆಚ್ಚು ಹೋಗಿದೆ. ಬಜೆಟ್ಟಿನ 150 ರೂಪಾಯಿ ಬೆಲೆಗೆ ಅದು 2,64,000 ರೂಪಾಯಿ ಪ್ರತಿಕೂಲ. ಎರಡನ್ನೂ ಕಳೆದರೆ ಅದೇ 42,240. ಹೆಚ್ಚುವರಿ ಮೀಟರುಗಳಿಗೆ 144ರ ಬದಲು 150 ಹಾಕುವುದು ಯಾಕೆಂದರೆ, ಬಳಕೆಯ ಲೆಕ್ಕ ಕಟಿಂಗ್‌ನವರದು; ಖರೀದಿಯವರ ಚೌಕಾಶಿಯ ಫಲವಾಗಲಿ ಸೋಲಾಗಲಿ ಅದರೊಳಗೆ ನುಸುಳಬಾರದು ಎಂದು.

ಒಂದು ಪರ್ಸೆಂಟ್ ಕೂಡ ಇಲ್ಲದ ವ್ಯತ್ಯಾಸದ ಒಳಗೆ ಎರಡು ಲಕ್ಷ ದಾಟಿದ ಎರಡು ವ್ಯತ್ಯಾಸಗಳು ಕುಸ್ತಿ ಹಿಡಿದು ನಿಂತಿದ್ದವು. ಖರೀದಿ ವಿಭಾಗದ ಹಾಳೆಯಲ್ಲಿ 2,21,760 ಅನುಕೂಲ ಎಂದಿತ್ತು. ಕಳೆದ ವಾರವೇ ಅವರಿಗೆ ಶಹಬ್ಬಾಸ್ ಸಿಕ್ಕಾಗಿತ್ತು. ಕಟಿಂಗ್ ಹಾಳೆಯಲ್ಲಿ 2,64,000 ಪ್ರತಿಕೂಲ. ಒಬ್ಬರು ಉಳಿಸಿದರು, ಇನ್ನೊಬ್ಬರು ಕಳೆದರು ಎಂದು ಓದುವುದು ತೀರ ಸುಲಭ. ಶರ್ಟಿಗೆ 1.60 ಇದ್ದ ಆವರೇಜ್ 1.68ಕ್ಕೆ ಏರಿದೆ. ಈ ಎಂಟು ಸೆಂಟಿಮೀಟರ್ ಎಲ್ಲಿ ಹೋಯಿತು?

ಇಂಥ ಕಡೆ ಬರುವ ವಿವರಣೆಗಳಲ್ಲಿ ಒಂದು ಜಾತಿಯನ್ನು ಕಂಡರೆ ನನಗೆ ಆಗುವುದಿಲ್ಲ: “ಬಟ್ಟೆ ಬಳಕೆ ಹೆಚ್ಚಾದ್ದರಿಂದ ಬಟ್ಟೆಯ ಖರ್ಚು ಹೆಚ್ಚಾಗಿದೆ.” ಕಾರಣದ ಜಾಗದಲ್ಲಿ ಸಂಖ್ಯೆಯನ್ನೇ ಮತ್ತೊಮ್ಮೆ ಓದಿ ಹೇಳಿದ ಹಾಗೆ. ಕಂಪನಿಗಳ ಮಾಸಿಕ ವರದಿಗಳ ಷರಾ ಕಾಲಂ ಇಂಥ ವಾಕ್ಯಗಳಿಂದಲೇ ತುಂಬಿರುತ್ತದೆ, ಯಾರೂ ಅದನ್ನು ಪ್ರಶ್ನಿಸುವುದಿಲ್ಲ. ಕಾರಣ ಸಿಗುವುದು ಅಕೌಂಟ್ಸ್‌ನ ಕಂಪ್ಯೂಟರಿನಲ್ಲಲ್ಲ, ಕಟಿಂಗ್ ಮೇಜಿನ ಪಕ್ಕದ ರಿಜಿಸ್ಟರಿನಲ್ಲಿ. ಕಾಸ್ಟಿಂಗ್ ಅಧಿಕಾರಿ ಹಾಳೆ ಹಿಡಿದು ಕೆಳಗಿನ ಮಹಡಿಗೆ ಇಳಿದರು.

“ಮಾಸ್ಟರ್, ಐದು ಲಕ್ಷದ ಮಾತು ಬಿಡಿ. ಅದು ಶರ್ಟು ಜಾಸ್ತಿ ಆಗಿದ್ದಕ್ಕೆ. ಆ ಲೆಕ್ಕ ನಾನು ಸರಿ ಮಾಡ್ತೀನಿ. ನನಗೆ ಬೇಕಿರೋದು 1,760 ಮೀಟರಿನ ಲೆಕ್ಕ.”

ಮಾಸ್ಟರ್ ಎರಡು ಮಾರ್ಕರ್ ಹಾಳೆಗಳನ್ನು ತಂದು ಅಕ್ಕಪಕ್ಕ ಹಾಸಿದರು. “ನೋಡಿ ಮೇಡಂ. ಇದು ಮೇ ತಿಂಗಳದ್ದು, 58 ಇಂಚು ಪನ್ನ. ಇದು ಜೂನ್‌ದು. ಬಂದಿರೋ ಬಟ್ಟೆ 56 ಇಂಚು. ನಾನೇನು ಬಟ್ಟೇನ ಎಳೆದು ಅಗಲ ಮಾಡಕ್ಕಾಗತ್ತಾ?”

ಪನ್ನ ಎಂದರೆ ಬಟ್ಟೆಯ ಅಗಲ. ಶರ್ಟಿನ ತುಂಡುಗಳನ್ನು ಮಾರ್ಕರಿನಲ್ಲಿ ಒಂದರ ಸಂದಿಯಲ್ಲಿ ಇನ್ನೊಂದು ಕೂರುವಂತೆ ಜೋಡಿಸುತ್ತಾರೆ. ಅಗಲ ಎರಡು ಇಂಚು ಕಡಿಮೆಯಾದರೆ ಪಕ್ಕದಲ್ಲಿ ಕೂರುತ್ತಿದ್ದ ತೋಳೋ ಕಫ್ಫೋ ಅಲ್ಲಿ ಹಿಡಿಸುವುದಿಲ್ಲ, ಉದ್ದಕ್ಕೆ ಸರಿಯಬೇಕಾಗುತ್ತದೆ. ಹಾಗಾಗಿ ಮಾರ್ಕರ್ ಉದ್ದವಾಗುತ್ತದೆ. 58ಕ್ಕೆ 1.60 ಹಿಡಿಯುವ ಶರ್ಟಿಗೆ 56ಕ್ಕೆ ಎಷ್ಟು ಬೇಕು ಎಂದು ಬರಿ ಅನುಪಾತದಲ್ಲಿ ಲೆಕ್ಕ ಹಾಕಿದರೆ 1.66ರ ಹತ್ತಿರ ಬರುತ್ತದೆ. ಮಾಸ್ಟರ್‌ನ ಕೈಚಳಕದಿಂದಲೋ ಕಂಪ್ಯೂಟರ್ ಮಾರ್ಕರಿನ ಜಾಣತನದಿಂದಲೋ ಅದು 1.65ಕ್ಕೆ ನಿಂತಿತ್ತು. ಶರ್ಟಿಗೆ ಐದು ಸೆಂಟಿಮೀಟರ್, 22,000 ಶರ್ಟಿಗೆ 1,100 ಮೀಟರ್. ಮಾರ್ಕರ್ ಹಾಳೆಯ ಮೇಲೆಯೇ ಅಗಲ ಮತ್ತು ಉದ್ದ ಅಚ್ಚಾಗಿರುವುದರಿಂದ ಇದು ಬಾಯಿಮಾತಿನ ಸಬೂಬಲ್ಲ, ದಾಖಲೆ.

ಉಳಿದ 660 ಮೀಟರ್? ರೀಕಟ್ ಸ್ಲಿಪ್ಪುಗಳನ್ನು ಒಟ್ಟುಹಾಕಿದಾಗ 440 ಮೀಟರ್ ಅಲ್ಲಿ ಸಿಕ್ಕಿತು. ಹೊಲಿಗೆಯ ಲೈನಿನಲ್ಲಿ ಒಂದು ತುಂಡಿನಲ್ಲಿ ನೂಲು ಹರಿದದ್ದೋ, ಎಣ್ಣೆ ಕಲೆಯೋ, ಬಣ್ಣದ ಛಾಯೆಯಲ್ಲಿ ವ್ಯತ್ಯಾಸವೋ ಕಂಡರೆ ಆ ತುಂಡನ್ನು ವಾಪಸ್ ಕಳಿಸಿ ಬೇರೆ ಕತ್ತರಿಸಿ ಕೊಡಿ ಎನ್ನುತ್ತಾರೆ. ಪ್ರತಿ ಸ್ಲಿಪ್ಪಿನ ಮೇಲೂ ಕಾರಣ ಬರೆದಿರುತ್ತದೆ. ಜೂನ್‌ನ ಸ್ಲಿಪ್ಪುಗಳಲ್ಲಿ ‘ಬಟ್ಟೆ ದೋಷ’, ‘ಶೇಡ್’ ಎಂಬೆರಡೇ ಮತ್ತೆ ಮತ್ತೆ ಬಂದಿದ್ದವು. ರೋಲು ಬಂದಾಗ ಮಾಡುವ ತಪಾಸಣೆಯ ವರದಿಯನ್ನೂ ತರಿಸಿ ನೋಡಿದರು. ಬಟ್ಟೆಯ ದೋಷಗಳಿಗೆ ಗಾತ್ರದ ಮೇಲೆ ಒಂದರಿಂದ ನಾಲ್ಕರವರೆಗೆ ಅಂಕ ಹಾಕುವ ‘ಫೋರ್ ಪಾಯಿಂಟ್’ ಪದ್ಧತಿ ಗಾರ್ಮೆಂಟ್ ಉದ್ಯಮದಲ್ಲಿ ಎಲ್ಲೆಡೆ ಬಳಕೆಯಲ್ಲಿದೆ. ಜೂನ್‌ನ ರೋಲುಗಳ ಅಂಕ ಮೇ ತಿಂಗಳಿನದಕ್ಕಿಂತ ಎದ್ದು ಕಾಣುವಷ್ಟು ಹೆಚ್ಚಿತ್ತು.

ಇನ್ನು 220 ಮೀಟರ್ ಉಳಿಯಿತು. ಅದರ ಬಗ್ಗೆ ಮಾಸ್ಟರ್ ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಅವರೇ ಹೇಳಿದರು: “ಅದು ನಮ್ಮದೇ ಮೇಡಂ. ಹೊಸ ಹುಡುಗರು ಲೇ ಹಾಕುವಾಗ ತುದೀಲಿ ಜಾಸ್ತಿ ಬಿಡ್ತಾ ಇದ್ದರು. ಒಂದೊಂದು ಪದರಕ್ಕೆ ಎರಡು ಬೆರಳು ಹೆಚ್ಚು ಬಿಟ್ಟರೆ ತಿಂಗಳಿಗೆ ಇಷ್ಟಾಗತ್ತೆ.”

ಐದು ಲಕ್ಷದ ಆರೋಪದಲ್ಲಿ ಮಾಸ್ಟರ್‌ನ ಪಾಲು ಕೊನೆಗೆ 33,000 ರೂಪಾಯಿಗೆ ಬಂದು ನಿಂತಿತು. ಅದನ್ನು ಅವರು ತಾವಾಗಿಯೇ ಒಪ್ಪಿಕೊಂಡರು ಎಂಬುದನ್ನು ಗಮನಿಸಬೇಕು. ಮೇಲಿನ ಹೊರೆ ಅಷ್ಟೂ ತಮ್ಮ ಮೇಲೆಯೇ ಇದ್ದಾಗ ಯಾರೂ ತಮ್ಮ ಪಾಲನ್ನು ಒಪ್ಪುವುದಿಲ್ಲ, ಒಪ್ಪಿದರೆ ಪೂರ್ತಿ ತಲೆಗೆ ಬೀಳುತ್ತದೆಂಬ ಭಯ. ಉಳಿದದ್ದನ್ನು ನ್ಯಾಯವಾಗಿ ಇಳಿಸಿದ ಮೇಲೆ ಸಣ್ಣದು ಹೊರಗೆ ಬರುತ್ತದೆ. ಮುಂದಿನ ತಿಂಗಳು ಸರಿಮಾಡಲು ಸಾಧ್ಯವಿರುವುದೂ ಆ ಸಣ್ಣದನ್ನೇ.

ಅಮೆರಿಕದ ಕ್ರಿಸ್ ಆರ್ಗಿರಿಸ್ 1952ರಷ್ಟು ಹಿಂದೆಯೇ ಈ ವಿಷಯ ಬರೆದಿದ್ದರು. ಬಜೆಟ್ಟುಗಳು ಮನುಷ್ಯರ ಮೇಲೆ ಏನು ಪರಿಣಾಮ ಮಾಡುತ್ತವೆ ಎಂದು ಕಾರ್ಖಾನೆಗಳಲ್ಲಿ ಅಧ್ಯಯನ ಮಾಡಿದ ಅವರು ಕಂಡುಕೊಂಡದ್ದರಲ್ಲಿ ಒಂದು ಹೀಗಿದೆ: ಬಜೆಟ್ ವಿಭಾಗದವರಿಗೆ ಗೆಲುವೆಂದರೆ ಕಾರ್ಖಾನೆಯ ಮೇಲ್ವಿಚಾರಕರಲ್ಲಿ ತಪ್ಪು ಹುಡುಕಿ ಮೇಲಿನವರಿಗೆ ತೋರಿಸುವುದು, ಅಂದರೆ ಒಬ್ಬರ ಗೆಲುವು ನಿಂತಿರುವುದೇ ಇನ್ನೊಬ್ಬರ ಸೋಲಿನ ಮೇಲೆ. ಹೀಗಿರುವ ಕಡೆ ಮೇಲ್ವಿಚಾರಕರು ಒಟ್ಟಾಗಿ ಬಜೆಟ್ಟಿನ ವಿರುದ್ಧ ನಿಲ್ಲುತ್ತಾರೆ. ಎಪ್ಪತ್ತು ವರ್ಷ ದಾಟಿದರೂ ಇದು ಹಳತಾಗಿಲ್ಲ. ಮಾಸ್ಟರ್ ತಮ್ಮ ಸಂಖ್ಯೆಯನ್ನು ಮೊದಲ ಬಾರಿ ನೋಡುವುದು ಜನರಲ್ ಮ್ಯಾನೇಜರ್ ಎದುರು, ಪ್ರೊಜೆಕ್ಟರಿನ ಪರದೆಯ ಮೇಲೆ ಎಂದಾದರೆ, ಅಲ್ಲಿ ಹುಟ್ಟುವುದು ಕಾರಣವಲ್ಲ, ಸಬೂಬು. ಮೀಟಿಂಗಿಗೆ ಎರಡು ದಿನ ಮುಂಚೆ, ಅವರ ಜಾಗಕ್ಕೇ ಹೋಗಿ, ಅವರ ರಿಜಿಸ್ಟರಿನ ಪಕ್ಕದಲ್ಲಿ ಕುಳಿತು ಮಾತಾಡಿದರೆ ಕೆಲಸ ಅರ್ಧ ಮುಗಿದಂತೆ.

ಈಗ ಖರೀದಿಯವರ ಅನುಕೂಲಕ್ಕೆ ಬರೋಣ. ಅವರು ಮೀಟರಿಗೆ ಆರು ರೂಪಾಯಿ ಅಗ್ಗಕ್ಕೆ ತಂದದ್ದು ಪನ್ನ ಕಡಿಮೆಯಿದ್ದ, ದೋಷ ಹೆಚ್ಚಿದ್ದ ಬಟ್ಟೆ. ಅದರಿಂದ ಉಳಿದದ್ದು 2,21,760. ಅದೇ ಬಟ್ಟೆಯ ಪನ್ನದಿಂದ ಮತ್ತು ದೋಷದಿಂದ ಹೆಚ್ಚು ಹೋದ 1,540 ಮೀಟರಿನ ಬೆಲೆ 2,31,000. ಅಗ್ಗದ ಬಟ್ಟೆಯಿಂದ ಕಂಪನಿಗೆ ಒಂಬತ್ತು ಸಾವಿರ ಚಿಲ್ಲರೆ ನಷ್ಟವೇ ಆಯಿತು, ರೀಕಟ್‌ಗೆ ಹಿಡಿದ ಕೂಲಿ ಬೇರೆ. ಒಂದು ಹಾಳೆಯ ಅನುಕೂಲವೂ ಇನ್ನೊಂದು ಹಾಳೆಯ ಪ್ರತಿಕೂಲವೂ ಒಂದೇ ಲಾರಿಯಲ್ಲಿ ಬಂದಿಳಿದಿದ್ದವು. ಹಾಳೆಗಳು ವಿಭಾಗಕ್ಕೊಂದರಂತೆ ಬೇರೆಬೇರೆ ಅಚ್ಚಾಗುವುದರಿಂದ ಈ ನಂಟು ತಾನಾಗಿ ಕಾಣುವುದಿಲ್ಲ; ಯಾರಾದರೂ ಎರಡನ್ನೂ ಪಕ್ಕದಲ್ಲಿಟ್ಟು ನೋಡಬೇಕು.

ಹಾಗೆಂದು ಖರೀದಿಯವರನ್ನು ಕಟಕಟೆಗೆ ತರುವುದೂ ಅವಸರದ ಮಾತೇ. “ಜೂನ್ ಎರಡನೇ ವಾರದಲ್ಲಿ 58 ಇಂಚಿನ ಮಾಲು ಸಿಗಲಿಲ್ಲ. ಕಾದಿದ್ದರೆ ಶಿಪ್‌ಮೆಂಟ್ ತಪ್ಪಿ ವಿಮಾನದಲ್ಲಿ ಕಳಿಸಬೇಕಾಗುತ್ತಿತ್ತು” ಎಂದು ಅವರು ಹೇಳಿ, ಅದು ನಿಜವೂ ಆಗಿದ್ದರೆ, ಒಂಬತ್ತು ಸಾವಿರದ ನಷ್ಟ ಒಳ್ಳೆಯ ವ್ಯಾಪಾರವೇ. ವಿಮಾನದ ಸಾಗಣೆಯ ಎದುರು ಆ ಮೊತ್ತ ಯಾವ ಲೆಕ್ಕಕ್ಕೂ ಇಲ್ಲ. ಬೆಲೆಯ ಆಸೆಗೆ ಬಿದ್ದು, ಮಾಸ್ಟರ್‌ನ್ನು ಒಂದು ಮಾತೂ ಕೇಳದೆ ತಂದಿದ್ದರೆ ಅದು ಬೇರೆ ಮಾತು. ಎರಡರಲ್ಲೂ ಸಂಖ್ಯೆ ಒಂದೇ, ತೀರ್ಪು ಬೇರೆ. ಹಾಳೆಯನ್ನಷ್ಟೇ ನೋಡಿ ತೀರ್ಪು ಕೊಡಲಾಗದು ಎನ್ನುವುದು ಇದಕ್ಕೇ.

ಮಾಸ್ಟರ್‌ನ ಹಾಳೆಯಲ್ಲಿ ಇನ್ನೂ ಮೂರು ಸಾಲುಗಳಿದ್ದವು, ಅವುಗಳಲ್ಲಿ ಎರಡು ಅನುಕೂಲ. ಕೆಂಪಿಲ್ಲದ್ದರಿಂದ ಅವನ್ನು ಯಾರೂ ಪ್ರಶ್ನಿಸಿರಲಿಲ್ಲ.

ಮೊದಲನೆಯದು ಯಂತ್ರಗಳ ಸರ್ವಿಸ್. ಬಜೆಟ್ 60,000, ಖರ್ಚು ಸೊನ್ನೆ. ಉಳಿತಾಯ ಎಂದು ಹಿಗ್ಗಬೇಕೇ? ಸರ್ವಿಸ್‌ನವರು ಜೂನ್‌ನಲ್ಲಿ ಬರಲಿಲ್ಲ, ಜುಲೈ ಮೊದಲ ವಾರ ಬರುತ್ತಾರೆ. ಹಣ ಉಳಿದಿಲ್ಲ, ಮುಂದಿನ ತಿಂಗಳಿಗೆ ಜಾರಿದೆ ಅಷ್ಟೆ. ಜುಲೈ ಹಾಳೆಯಲ್ಲಿ ಇದೇ 60,000 ಪ್ರತಿಕೂಲವಾಗಿ ಬರುತ್ತದೆ, ಆಗ ಮಾಸ್ಟರ್ ಮತ್ತೆ ಉತ್ತರ ಕೊಡಬೇಕಾಗುತ್ತದೆ. ಇದನ್ನು ಸಮಯದ ವ್ಯತ್ಯಾಸ ಎಂದು ಜೂನ್‌ನಲ್ಲೇ ಷರಾ ಬರೆದಿಟ್ಟರೆ ಆ ಪಾಡು ತಪ್ಪುತ್ತದೆ. ಇಂಥ ವ್ಯತ್ಯಾಸವನ್ನು ಗುರುತಿಸುವ ದಾರಿ ಸುಲಭ: ತಿಂಗಳ ಕಾಲಮ್ಮಿನ ಪಕ್ಕದಲ್ಲಿ ಏಪ್ರಿಲ್‌ನಿಂದ ಈವರೆಗಿನ ಒಟ್ಟು ಲೆಕ್ಕವನ್ನೂ ಇಟ್ಟುಕೊಳ್ಳುವುದು. ಒಂದು ತಿಂಗಳಲ್ಲಿ ಎದ್ದು ಮುಂದಿನ ತಿಂಗಳಲ್ಲಿ ಒಟ್ಟು ಲೆಕ್ಕದಲ್ಲಿ ಕರಗಿಹೋದರೆ ಅದು ಸಮಯದ್ದು. ತಿಂಗಳಿಂದ ತಿಂಗಳಿಗೆ ಬೆಳೆಯುತ್ತಲೇ ಹೋದರೆ ನಿಜವಾದದ್ದು. ಸರ್ವಿಸ್ಸನ್ನು ಬೇಕೆಂದೇ ಮುಂದೂಡುತ್ತಿದ್ದಾರೆ ಎಂದಾದರೆ ಮಾತ್ರ ಇದು ಕಾಯಿಲೆಯ ಲಕ್ಷಣ. ಬ್ಲೇಡು ಸವೆದ ಯಂತ್ರ ಅಂಚನ್ನು ಸರಿಯಾಗಿ ಕತ್ತರಿಸುವುದಿಲ್ಲ, ಅದರ ಬೆಲೆಯನ್ನು ಮತ್ತೆ ರೀಕಟ್‌ನಲ್ಲೇ ತೆರಬೇಕಾಗುತ್ತದೆ.

ಉಳಿದ ಎರಡು ಸಾಲುಗಳು ಸಂಬಳಕ್ಕೆ ಸಂಬಂಧಿಸಿದವು. ಇಬ್ಬರು ಹೆಲ್ಪರುಗಳ ಜಾಗ ಖಾಲಿಯಿದ್ದುದರಿಂದ ಸಂಬಳದಲ್ಲಿ 32,000 ಅನುಕೂಲ. ಓವರ್‌ಟೈಮ್‌ನಲ್ಲಿ 45,000 ಪ್ರತಿಕೂಲ. ಎರಡನ್ನೂ ಬೇರೆಬೇರೆ ವಿವರಿಸಿದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಇಬ್ಬರಿಲ್ಲದ ಕೆಲಸವನ್ನು ಉಳಿದವರು ಹೊತ್ತು ಮೀರಿ ಮಾಡಿದ್ದಾರೆ. ಓವರ್‌ಟೈಮ್‌ಗೆ ಕಾನೂನಿನಂತೆ ಮಾಮೂಲಿ ದರದ ಎರಡು ಪಟ್ಟು ಕೊಡಬೇಕು. ಅದರ ಮೇಲೆ ಎರಡು ಸಾವಿರ ಶರ್ಟು ಹೆಚ್ಚು. ಹಾಗಾಗಿ ಖಾಲಿ ಜಾಗದ ಉಳಿತಾಯ ಉಳಿತಾಯವಾಗಿ ಉಳಿಯಲಿಲ್ಲ. ಇಲ್ಲಿ ಮಾಸ್ಟರ್‌ಗೆ ಕೇಳಬೇಕಾದ ಪ್ರಶ್ನೆ ಓವರ್‌ಟೈಮ್ ಯಾಕೆ ಎಂಬುದಲ್ಲ, ಆ ಇಬ್ಬರನ್ನು ಯಾವಾಗ ತೆಗೆದುಕೊಳ್ಳುತ್ತೀರಿ ಎಂಬುದು. ಉತ್ತರ ಹೇಳಬೇಕಾದವರು ಬಹುಶಃ ಮಾಸ್ಟರ್ ಅಲ್ಲ, ಎಚ್‌ಆರ್‌ನವರು.

ಬಜೆಟ್ಟೇ ತಪ್ಪಾಗಿದ್ದರೆ ಏನು ಮಾಡುವುದು? ಈ ಪ್ರಶ್ನೆಯನ್ನು ಅಕೌಂಟ್ಸ್‌ನವರು ತಾವಾಗಿ ಎತ್ತುವುದು ಅಪರೂಪ. 1.60 ಎಂಬ ಆವರೇಜ್ ಆಕಾಶದಿಂದ ಇಳಿದು ಬಂದದ್ದಲ್ಲ, ಯಾವುದೋ ಒಂದು ಸೈಜ್ ಅನುಪಾತದ ಮೇಲೆ ತೆಗೆದ ಲೆಕ್ಕ. ಆರ್ಡರಿನಲ್ಲಿ ಎಕ್ಸ್‌ಎಲ್, ಡಬಲ್ ಎಕ್ಸ್‌ಎಲ್ ಹೆಚ್ಚು ಬಂದರೆ ಎಷ್ಟು ಜಾಣ ಮಾಸ್ಟರ್ ಆದರೂ 1.60ರಲ್ಲಿ ಮುಗಿಸಲಾರರು, ಸ್ಮಾಲ್ ಸೈಜುಗಳೇ ಬಂದ ತಿಂಗಳು ಸೋಮಾರಿ ವಿಭಾಗಕ್ಕೂ ಪುಕ್ಕಟೆ ಅನುಕೂಲ ಸಿಗುತ್ತದೆ. ಚೌಕಳಿ ಬಟ್ಟೆಯಾದರೆ ಚೌಕಗಳನ್ನು ಹೊಂದಿಸುವುದಕ್ಕೇ ಹೆಚ್ಚು ಬಟ್ಟೆ ಬೇಕು. ನಮ್ಮ ಪ್ರಕರಣದಲ್ಲಿ ಸೈಜ್ ಅನುಪಾತ ಬಜೆಟ್ಟಿನಲ್ಲಿದ್ದಂತೆಯೇ ಇತ್ತು ಎಂದು ಆರ್ಡರ್ ಹಾಳೆ ನೋಡಿ ಖಾತ್ರಿ ಮಾಡಿಕೊಂಡ ಮೇಲೆಯೇ ಪನ್ನದ ಕಡೆ ಹೋದದ್ದು. ಸಂಬಳದ ಬಜೆಟ್ಟಿನಲ್ಲೂ ಹೀಗೆ ಆಗುವುದುಂಟು. ಕರ್ನಾಟಕದಲ್ಲಿ ಕನಿಷ್ಠ ವೇತನದ ಮೇಲಿನ ತುಟ್ಟಿಭತ್ಯೆ ಪ್ರತಿ ವರ್ಷ ಏಪ್ರಿಲ್‌ನಿಂದ ಪರಿಷ್ಕರಣೆಯಾಗುತ್ತದೆ. ಆ ಏರಿಕೆಯನ್ನು ಕಡಿಮೆ ಅಂದಾಜಿಸಿ ಬಜೆಟ್ ಬರೆದಿದ್ದರೆ ಹನ್ನೆರಡು ತಿಂಗಳೂ ಸಂಬಳ ಪ್ರತಿಕೂಲವಾಗಿಯೇ ಇರುತ್ತದೆ. ಅದಕ್ಕೆ ವಿಭಾಗದ ಮುಖ್ಯಸ್ಥರು ತಿಂಗಳು ತಿಂಗಳೂ ಉತ್ತರ ಕೊಡುವುದರಲ್ಲಿ ಅರ್ಥವಿಲ್ಲ. ಒಮ್ಮೆ ‘ಬಜೆಟ್ ಅಂದಾಜಿನ ದೋಷ’ ಎಂದು ಬರೆದು ಅಲ್ಲಿಗೆ ಬಿಡಬೇಕು.

ಹಾಗೆಯೇ, ಮೇಲಿನಿಂದ ಹಂಚಿ ಹಾಕಿದ ಜನರೇಟರ್ ಡೀಸೆಲ್ಲು, ಬಾಡಿಗೆ, ಸೆಕ್ಯುರಿಟಿ ಖರ್ಚಿನ ಪಾಲಿನ ಬಗ್ಗೆ ಮಾಸ್ಟರ್‌ನ್ನು ಕೇಳುವುದು ಇಬ್ಬರ ಹೊತ್ತನ್ನೂ ಹಾಳುಮಾಡಿದಂತೆ. ಅವು ಹಾಳೆಯಲ್ಲಿ ಇದ್ದರೂ ಗೆರೆ ಎಳೆದು ಕೆಳಗಡೆ ಇರಲಿ.

ಕೊನೆಗೆ ಜನರಲ್ ಮ್ಯಾನೇಜರ್ ಮೇಜಿಗೆ ಹೋದ ಷರಾ ಹೀಗಿತ್ತು: “ಜೂನ್‌ನಲ್ಲಿ 22,000 ಶರ್ಟಿಗೆ ತಕ್ಕ ಬಜೆಟ್ಟಿಗಿಂತ ಬಟ್ಟೆ ಖರ್ಚು 42,240 ರೂ. ಹೆಚ್ಚು. 58 ಇಂಚಿನ ಬದಲು 56 ಇಂಚಿನ ಬಟ್ಟೆ ಕೊಂಡಿದ್ದರಿಂದ ಬೆಲೆಯಲ್ಲಿ 2,21,760 ಅನುಕೂಲ. ಪನ್ನ ಮತ್ತು ದೋಷದಿಂದ ಬಳಕೆಯಲ್ಲಿ 2,31,000 ಪ್ರತಿಕೂಲ. ಲೇ ತುದಿಯ ನಷ್ಟ 33,000. ಹೊಸ ಕೆಲಸಗಾರರಿಗೆ ಅಳತೆ ಪಟ್ಟಿ ಕೊಡಲಾಗಿದೆ, ಜುಲೈ 15ಕ್ಕೆ ಮಾಸ್ಟರ್ ಪರಿಶೀಲಿಸುತ್ತಾರೆ. ಮುಂದೆ ಖರೀದಿ ಆರ್ಡರಿನಲ್ಲಿ ಕನಿಷ್ಠ ಪನ್ನ ನಮೂದಿಸುವ ಬಗ್ಗೆ ತೀರ್ಮಾನ ಬೇಕು.” ಇದರಲ್ಲಿ ಏನಾಯಿತು, ಯಾಕಾಯಿತು, ಯಾರು ಯಾವಾಗ ಏನು ಮಾಡುತ್ತಾರೆ ಎಂಬುದಿದೆ. ಯಾರ ಮೇಲೂ ಕೆಸರಿಲ್ಲ. ಮೇಲಿನವರು ತೀರ್ಮಾನಿಸಬೇಕಾದದ್ದನ್ನು ಅವರಿಗೇ ಬಿಟ್ಟಿದೆ. ಹತ್ತು ಸ್ಲೈಡುಗಳ ಪ್ರೆಸೆಂಟೇಶನ್ನಿಗಿಂತ ಈ ಆರು ವಾಕ್ಯಗಳನ್ನು ಬರೆಯುವುದು ಕಷ್ಟದ ಕೆಲಸ.

ನೀವು ಹಾಳೆ ಕಳಿಸುವವರಾಗಿರದೆ ಅದು ಬಂದು ಬೀಳುವ ಮೇಜಿನ ಹಿಂದೆ ಕುಳಿತವರಾಗಿದ್ದರೆ, ಅಂದರೆ ಒಂದು ವಿಭಾಗದ ಹೊಣೆ ಹೊತ್ತವರಾಗಿದ್ದರೆ, ಮುಂದಿನ ತಿಂಗಳು ಉತ್ತರ ಕೊಡುವ ಮೊದಲು ಅಕೌಂಟ್ಸ್‌ನವರನ್ನು ಎರಡು ಮಾತು ಕೇಳಿ: ಈ ಬಜೆಟ್ ಎಷ್ಟು ಉತ್ಪಾದನೆಗೆ ಲೆಕ್ಕ ಹಾಕಿದ್ದು? ನನ್ನ ಪ್ರತಿಕೂಲದ ಎದುರು ಬೇರೆ ಯಾರ ಹಾಳೆಯಲ್ಲಿ ಅನುಕೂಲ ಬಿದ್ದಿದೆ? ನಿಮ್ಮದೇ ಹಾಳೆಯಲ್ಲಿ ದೊಡ್ಡ ಅನುಕೂಲವೊಂದು ಇದ್ದರೆ, ಯಾರೂ ಕೇಳದಿದ್ದರೂ ಅದರ ಕಾರಣವನ್ನು ನೀವೇ ಬರೆದು ಕಳಿಸಿ.